ಎಂಟು ವರ್ಷಕ್ಕೊಮ್ಮೆ ಇಮ್ಮಡಿ

ಸಾವಿನ ಮಾತು ಬಂದಾಗ ವಿಮಾ ಏಜೆಂಟರು ದನಿ ತಗ್ಗಿಸುತ್ತಾರೆ. ‘ಆಗಬಾರದ್ದು ಏನಾದರೂ ಆದರೆ’ ಎಂದು ಹೇಳಿ ಬೇಗ ಮುಂದಿನ ಪುಟಕ್ಕೆ ಹೋಗುತ್ತಾರೆ. ಕಂತು ಲೆಕ್ಕ ಹಾಕಲು ಅವರ ಕಂಪನಿ ಇಟ್ಟುಕೊಂಡಿರುವ ಕೋಷ್ಟಕಕ್ಕೆ ಮಾತ್ರ ಅಂಥ ಸಂಕೋಚವಿಲ್ಲ. ಭಾರತದ ಜೀವ ವಿಮಾ ಕಂಪನಿಗಳ 2012–14ರ ಅನುಭವದಿಂದ ತಯಾರಾದ ಮರಣ ಕೋಷ್ಟಕದ ಪ್ರಕಾರ, 30 ವರ್ಷದ ಪಾಲಿಸಿದಾರರಲ್ಲಿ ಒಂದು ವರ್ಷದೊಳಗೆ ತೀರಿಕೊಳ್ಳುವವರು ಸಾವಿರಕ್ಕೆ ಸುಮಾರು ಒಬ್ಬರು. 40ರವರಲ್ಲಿ ಅದು 1.7, 50ರವರಲ್ಲಿ 4.4, 60ರವರಲ್ಲಿ ಸುಮಾರು 11.

ಈ ಸಂಖ್ಯೆಗಳನ್ನು ಒಂದರಿಂದ ಒಂದು ಕಳೆದು ನೋಡಿದರೆ ಏನೂ ಹೊಳೆಯುವುದಿಲ್ಲ. ಭಾಗಿಸಿ ನೋಡಬೇಕು. 40ರಿಂದ 50ಕ್ಕೆ ಬರುವಾಗ ಅಪಾಯ ಸುಮಾರು ಎರಡೂವರೆ ಪಟ್ಟಾಗಿದೆ. 50ರಿಂದ 60ಕ್ಕೆ ಮತ್ತೆ ಸುಮಾರು ಎರಡೂವರೆ ಪಟ್ಟು. ಹತ್ತು ವರ್ಷಕ್ಕೆ ಎರಡೂವರೆ ಪಟ್ಟು ಎಂದರೆ ಏಳೆಂಟು ವರ್ಷಕ್ಕೊಮ್ಮೆ ಇಮ್ಮಡಿ ಎಂದಾಯಿತು. ಸಾಲಗಾರರಿಗೆ ಚೆನ್ನಾಗಿ ಗೊತ್ತಿರುವ ಚಕ್ರಬಡ್ಡಿಯ ಲೆಕ್ಕವೇ ಇದು: ಹೆಚ್ಚಳ ಅಸಲಿಗೆ ಸೇರುತ್ತದೆ, ಮುಂದಿನ ಹೆಚ್ಚಳ ಆ ಒಟ್ಟು ಮೊತ್ತದ ಮೇಲೆ ಬೆಳೆಯುತ್ತದೆ. ವರ್ಷಕ್ಕೆ ನೂರಕ್ಕೆ ಒಂಬತ್ತರ ಬಡ್ಡಿ ಎಂದಿಟ್ಟುಕೊಂಡರೆ ಎಂಟು ವರ್ಷಕ್ಕೆ ಮೊತ್ತ ಎರಡರಷ್ಟಾಗುತ್ತದೆ. ವಯಸ್ಕ ಮನುಷ್ಯನ ಸಾವಿನ ಅಪಾಯವೂ ಹೆಚ್ಚುಕಡಿಮೆ ಈ ದರದಲ್ಲೇ ಬೆಳೆಯುತ್ತದೆ. ಇದನ್ನು ಗಾಂಪರ್ಟ್ಜ್ ನಿಯಮ ಎನ್ನುತ್ತಾರೆ.

ಬೆಂಜಮಿನ್ ಗಾಂಪರ್ಟ್ಜ್ ಹುಟ್ಟಿದ್ದು 1779ರಲ್ಲಿ, ಲಂಡನ್ನಿನ ಒಂದು ಯಹೂದಿ ವ್ಯಾಪಾರಿ ಕುಟುಂಬದಲ್ಲಿ. ಯಹೂದಿ ಎಂಬ ಕಾರಣಕ್ಕೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬಾಗಿಲು ಆತನಿಗೆ ಮುಚ್ಚಿತ್ತು. ನ್ಯೂಟನ್ನನ ಗ್ರಂಥಗಳನ್ನು ತಾನೇ ಓದಿಕೊಂಡು, ಸ್ಪಿಟಲ್‌ಫೀಲ್ಡ್ಸ್‌ನ ಗಣಿತಪ್ರಿಯರ ಸಂಘದಲ್ಲಿ ಬೆರೆತು ಗಣಿತ ಕಲಿತ. 1819ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಆತನ ಬಂಧುಗಳಾದ ಮಾಂಟಿಫಿಯೋರಿ ಮತ್ತು ರಾಥ್ಸ್‌ಚೈಲ್ಡ್ ಮನೆತನದವರು ಸೇರಿ 1824ರಲ್ಲಿ ಅಲಯನ್ಸ್ ಎಂಬ ವಿಮಾ ಕಂಪನಿ ಕಟ್ಟಿದಾಗ, ಅದರ ಲೆಕ್ಕತಜ್ಞ, ಅಂದರೆ ಆಕ್ಚುಯರಿ, ಆದ.

ಆ ಕಾಲದಲ್ಲಿ ಸಾವಿನ ಲೆಕ್ಕ ತಪ್ಪಿದರೆ ಖಜಾನೆಗೇ ಪೆಟ್ಟು ಬೀಳುತ್ತಿತ್ತು. ರಿಚರ್ಡ್ ಪ್ರೈಸ್ ಎಂಬ ಪಾದ್ರಿ ನಾರ್ಥಾಂಪ್ಟನ್ ಪಟ್ಟಣದ ಒಂದು ಚರ್ಚಿನ ದಾಖಲೆಗಳಿಂದ ತಯಾರಿಸಿದ ಕೋಷ್ಟಕ ಆಗ ಎಲ್ಲೆಡೆ ಚಾಲ್ತಿಯಲ್ಲಿತ್ತು. ಜನ ನಿಜಕ್ಕೂ ಸಾಯುತ್ತಿದ್ದುದಕ್ಕಿಂತ ಬೇಗ ಸಾಯುತ್ತಾರೆ ಎಂದು ಅದು ತೋರಿಸುತ್ತಿತ್ತು. ಸತ್ತ ಮೇಲೆ ಹಣ ಕೊಡುವ ವಿಮಾ ಕಂಪನಿಗೆ ಈ ತಪ್ಪಿನಿಂದ ಲಾಭ. ಬದುಕಿರುವವರೆಗೆ ವರ್ಷಾಶನ ಕೊಡುತ್ತೇನೆಂದು ಮಾತು ಕೊಟ್ಟವರಿಗೆ ಅದೇ ತಪ್ಪಿನಿಂದ ನಷ್ಟ. ಬ್ರಿಟಿಷ್ ಸರ್ಕಾರ ಇದೇ ಕೋಷ್ಟಕ ನಂಬಿ ವರ್ಷಾಶನ ಮಾರಿತು. ಕೊಂಡವರು ಕೋಷ್ಟಕ ಹೇಳಿದಂತೆ ಸಾಯಲಿಲ್ಲ.

ಗಾಂಪರ್ಟ್ಜ್ ತನ್ನ ಮುಂದೆ ಹಲವು ಊರು, ಹಲವು ದೇಶಗಳ ಕೋಷ್ಟಕಗಳನ್ನು ಹರಡಿಕೊಂಡು ಕೂತ. ನಾರ್ಥಾಂಪ್ಟನ್‌ನದಿತ್ತು, ಉತ್ತರ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದ್ದಿತ್ತು, ಫ್ರಾನ್ಸಿನ ದೆಪಾರ್ಸಿಯೂ ಮಾಡಿದ್ದಿತ್ತು. ಅಂಕಿಗಳು ಬೇರೆ ಬೇರೆ. ಆದರೆ ಪ್ರೌಢ ವಯಸ್ಸಿನ ಉದ್ದಕ್ಕೂ, ಸಮನಾದ ವರ್ಷಗಳ ಅಂತರಕ್ಕೆ ಸಾವಿನ ತೀವ್ರತೆ ಸಮನಾದ ಪಟ್ಟಿನಲ್ಲಿ ಏರುತ್ತಿರುವುದು ಎಲ್ಲದರಲ್ಲೂ ಕಂಡಿತು. 1825ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ. ಇಂದಿನ ಬರವಣಿಗೆಯಲ್ಲಿ ಅದು ಒಂದೇ ಸಾಲು:

μ(x) = A·e^(Bx)

x ಎಂದರೆ ವಯಸ್ಸು, μ ಎಂದರೆ ಆ ವಯಸ್ಸಿನ ಸಾವಿನ ಅಪಾಯ. A ಅಪಾಯದ ಆರಂಭದ ಮಟ್ಟವನ್ನು ಹೇಳುತ್ತದೆ, B ಅದು ಏರುವ ವೇಗವನ್ನು. ಈ ಎರಡು ಅಕ್ಷರಗಳ ವ್ಯತ್ಯಾಸವೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಒಂದು ಲೆಕ್ಕ ಮಾಡೋಣ. 30 ವರ್ಷದ ಸಾವಿರ ಜನರನ್ನು ತೆಗೆದುಕೊಳ್ಳಿ. ಈಗ ಅವರ ವಾರ್ಷಿಕ ಅಪಾಯ ಸಾವಿರಕ್ಕೆ 1, ಎಂಟು ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ ಎಂದಿರಲಿ. 38ಕ್ಕೆ 2, 46ಕ್ಕೆ 4, 54ಕ್ಕೆ 8. ಇಲ್ಲಿಯವರೆಗೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಸಾವಿರದಲ್ಲಿ 920ಕ್ಕೂ ಹೆಚ್ಚು ಜನ 54ರಲ್ಲಿ ಇನ್ನೂ ಇದ್ದಾರೆ. 62ರಲ್ಲಿ ಅಪಾಯ 16, ಉಳಿದವರು ಸುಮಾರು 840. 70ರಲ್ಲಿ ಅಪಾಯ 32, ಉಳಿದವರು 700. ಇಲ್ಲಿಂದಾಚೆಗೆ ಅದೇ ಇಮ್ಮಡಿ ಬೇರೆಯೇ ಮುಖ ತೋರಿಸುತ್ತದೆ. 78ಕ್ಕೆ ಬಂದಾಗ 480 ಜನ, 86ಕ್ಕೆ 230, 94ಕ್ಕೆ 50ರ ಆಸುಪಾಸು. 102ಕ್ಕೆ ಮೂವರು. ಹೊರಟವರು ಸಾವಿರದ ಬದಲು ಒಂದು ಲಕ್ಷ ಮಂದಿ ಆಗಿದ್ದರೂ 110 ದಾಟುವವರು ಒಬ್ಬರೂ ಸಿಗುವುದು ಕಷ್ಟ.

ದರ ಎಲ್ಲಿಯೂ ಬದಲಾಗಿಲ್ಲ. ಯಾವ ವಯಸ್ಸಿನಲ್ಲೂ ಯಾರೂ ಹೊಸದಾಗಿ ಮುದುಕರಾಗಲು ಶುರು ಮಾಡಲಿಲ್ಲ. 30ರಿಂದ 38ಕ್ಕೆ ನಡೆದದ್ದೇ 78ರಿಂದ 86ಕ್ಕೂ ನಡೆಯಿತು. ಮೊದಲನೆಯದು 1ರ ಇಮ್ಮಡಿ, ಎರಡನೆಯದು 64ರ ಇಮ್ಮಡಿ, ಅಷ್ಟೇ ವ್ಯತ್ಯಾಸ. ‘ಅರವತ್ತರವರೆಗೆ ಗಟ್ಟಿಮುಟ್ಟಾಗಿದ್ದರು, ಆಮೇಲೆ ದಿಢೀರನೆ ಇಳಿದುಹೋದರು’ ಎಂದು ನಾವು ಹೇಳುತ್ತೇವಲ್ಲ, ಜನಸಮೂಹದ ಮಟ್ಟದಲ್ಲಿ ನೋಡಿದರೆ ಆ ದಿಢೀರ್ ಎಂಬುದು ಇಲ್ಲವೇ ಇಲ್ಲ.

ವಯಸ್ಸಾಗುವುದು ಎಂಬ ಸಂಗತಿಯೇ ಇಲ್ಲದಿದ್ದರೆ? 30ರ ಅಪಾಯವೇ ಕೊನೆಯವರೆಗೆ ಹಾಗೆಯೇ ನಿಂತುಬಿಟ್ಟರೆ, ಆ ಸಾವಿರದಲ್ಲಿ ಅರ್ಧದಷ್ಟು ಜನ ಇನ್ನೂ 690 ವರ್ಷ ಬದುಕಿರುತ್ತಿದ್ದರು. ಅಪಘಾತ, ಸೋಂಕು, ಹಾವು ಕಚ್ಚುವುದು ಎಲ್ಲ ಈಗಿರುವಂತೆಯೇ ಇದ್ದೂ! ನಮಗೂ ಆ ಏಳು ಶತಮಾನಗಳಿಗೂ ನಡುವೆ ನಿಂತಿರುವುದು B ಒಂದೇ.

ಈಗ ಇನ್ನೊಂದು ಕಡೆಯಿಂದ ಬರೋಣ. ಎಲ್ಲ ವಯಸ್ಸಿನವರಲ್ಲೂ, ಎಲ್ಲ ಕಾರಣಗಳಿಂದಲೂ ಬರುವ ಸಾವನ್ನು ಸರಿ ಅರ್ಧಕ್ಕೆ ಇಳಿಸುವ ಔಷಧಿಯೊಂದು ನಾಳೆ ಬಂತೆನ್ನಿ. ಆಯಸ್ಸು ಎಷ್ಟು ಹೆಚ್ಚೀತು? ಇಮ್ಮಡಿಯಾದೀತು ಎಂದು ಅನ್ನಿಸುವುದು ಸಹಜ. ಲೆಕ್ಕ ಬೇರೆಯೇ ಹೇಳುತ್ತದೆ. ಅಪಾಯ ಅರ್ಧವಾದರೆ 62 ವರ್ಷದವರಿಗೆ 54ರವರ ಅಪಾಯ ಬರುತ್ತದೆ, 70ರವರಿಗೆ 62ರದ್ದು. ಇಡೀ ಕೋಷ್ಟಕ ಎಂಟು ವರ್ಷ ಆಚೆಗೆ ಸರಿಯುತ್ತದೆ. ಮೊದಲು ಅರ್ಧ ಜನ ಸುಮಾರು 77ರ ಹೊತ್ತಿಗೆ ತೀರಿಕೊಳ್ಳುತ್ತಿದ್ದರೆ ಈಗ 85ರ ಹೊತ್ತಿಗೆ. ಸಾವನ್ನು ಅರ್ಧ ಗೆದ್ದರೂ ಸಿಗುವ ಬಹುಮಾನ ಒಂದು ಇಮ್ಮಡಿಯ ಅವಧಿ.

ಕ್ಯಾನ್ಸರನ್ನು ಪೂರ್ತಿ ಇಲ್ಲವಾಗಿಸಿದರೆ ಅಮೆರಿಕದಂಥ ದೇಶದಲ್ಲಿ ಸರಾಸರಿ ಆಯಸ್ಸು ಎಷ್ಟು ಏರೀತು ಎಂದು ಜನಸಂಖ್ಯಾತಜ್ಞರು ಹಿಂದೆಯೇ ಲೆಕ್ಕ ಹಾಕಿದ್ದಾರೆ. ಸುಮಾರು ಮೂರು ವರ್ಷ. ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ. ಅಲ್ಲಿನ ಸಾವುಗಳಲ್ಲಿ ಕ್ಯಾನ್ಸರಿನ ಪಾಲು ಐದರಲ್ಲಿ ಒಂದಕ್ಕಿಂತ ಬಹಳ ಹೆಚ್ಚೇನಲ್ಲ. ಅದನ್ನು ತೆಗೆದರೂ ಅಪಾಯದ ಐದರಲ್ಲಿ ನಾಲ್ಕು ಪಾಲು ಉಳಿಯುತ್ತದೆ. ಏರುವ ವೇಗ ಹಾಗೆಯೇ ಇರುವುದರಿಂದ ಕಳೆದುಹೋದ ಆ ಒಂದು ಪಾಲನ್ನು ವಯಸ್ಸು ಮೂರು ವರ್ಷದೊಳಗೆ ತುಂಬಿಕೊಂಡುಬಿಡುತ್ತದೆ. ಕ್ಯಾನ್ಸರಿನಿಂದ ಪಾರಾದ 75ರ ಮನುಷ್ಯನನ್ನು ಹೃದಯ, ಮೆದುಳು, ಶ್ವಾಸಕೋಶಗಳ ಕಾಯಿಲೆಗಳು ಕಾಯುತ್ತಿರುತ್ತವೆ. ಹಾಗೆಂದು ಕ್ಯಾನ್ಸರ್ ಚಿಕಿತ್ಸೆ ದಂಡ ಎಂದು ಯಾರೂ ತಿಳಿಯಬಾರದು. 40ರಲ್ಲಿ ಅದು ಬಂದವರಿಗೆ ಗುಣವಾದರೆ ದಕ್ಕುವುದು ದಶಕಗಳು. ಮೂರು ವರ್ಷ ಎಂಬುದು ಕಾಯಿಲೆ ಬಂದವರು, ಬಾರದವರು ಎಲ್ಲರನ್ನೂ ಸೇರಿಸಿದ ಸರಾಸರಿ.

ಇದೇ ಲೆಕ್ಕ ಧೂಮಪಾನದಲ್ಲಿ ನಿಜವಾದ ಜನರ ಮೇಲೆ ಪರೀಕ್ಷೆಗೆ ಒಳಗಾಗಿದೆ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ 34 ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರನ್ನು ‘ನೀವು ಸಿಗರೇಟು ಸೇದುತ್ತೀರಾ?’ ಎಂದು ಕೇಳಿ, ಆ ಗುಂಪನ್ನು ಗಮನಿಸಲು ಆರಂಭಿಸಿದರು. ಆ ಗಮನಿಕೆ ಐವತ್ತು ವರ್ಷ ನಡೆಯಿತು. ಬಿಡದೆ ಸೇದಿದವರ ಸಾವಿನ ದರ ಸೇದದವರಿಗಿಂತ ಎರಡರಿಂದ ಮೂರು ಪಟ್ಟಿತ್ತು, ಅವರು ಸರಾಸರಿ ಹತ್ತು ವರ್ಷ ಮೊದಲು ತೀರಿಕೊಂಡರು. ನಮ್ಮ ಸೂತ್ರಕ್ಕೆ ಹಾಕಿ ನೋಡಿ: ಎರಡು ಪಟ್ಟು ಅಪಾಯಕ್ಕೆ 8 ವರ್ಷ ನಷ್ಟ, ಮೂರು ಪಟ್ಟಿಗೆ 12ಕ್ಕಿಂತ ಸ್ವಲ್ಪ ಹೆಚ್ಚು. ಹತ್ತು ಅದರ ನಡುವೆಯೇ ಬಿದ್ದಿದೆ. 60ರಲ್ಲಿ ಬಿಟ್ಟವರಿಗೆ ಆ ಹತ್ತರಲ್ಲಿ 3 ವರ್ಷ ಮರಳಿ ಸಿಕ್ಕಿತು, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9. 30ರಲ್ಲೇ ಬಿಟ್ಟವರಿಗೆ ಬಹುತೇಕ ಎಲ್ಲವೂ.

ಹಾಗಾದರೆ ಅಪಾಯ ಏಕೆ ಹೀಗೆ ಇಮ್ಮಡಿಸುತ್ತದೆ?

ಮೊದಲು ತಿಳಿಯಬೇಕಾದದ್ದು, ಇದು ಯಾವುದೇ ಒಂದು ರೋಗದ ಗುಣವಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಶಿಬಿರಗಳಲ್ಲಿದ್ದ ಆಸ್ಟ್ರೇಲಿಯಾದ ಸೈನಿಕರು ಹಸಿವು, ಭೇದಿ, ಏಟುಗಳಿಂದ ಸತ್ತರು. ಊರಿನಲ್ಲಿದ್ದ ಅದೇ ವಯಸ್ಸಿನವರಿಗಿಂತ ಅವರ ಸಾವಿನ ದರ ಹಲವು ಪಟ್ಟು ಹೆಚ್ಚಿತ್ತು. ಆದರೆ ಶಿಬಿರದೊಳಗೂ ವಯಸ್ಸಿನೊಂದಿಗೆ ಆ ದರ ಏರುತ್ತಿದ್ದ ರೀತಿ ಊರಿನಲ್ಲಿದ್ದಂತೆಯೇ ಇತ್ತು. A ಆಕಾಶಕ್ಕೆ ಹಾರಿತ್ತು, B ಇದ್ದಲ್ಲೇ ಇತ್ತು. ನಾವೇ ಕಂಡ ಉದಾಹರಣೆ ಕೋವಿಡ್. 2020ರಲ್ಲಿ ಮನುಷ್ಯನ ದೇಹ ಎಂದೂ ನೋಡಿರದ ವೈರಸ್ಸು ಬಂತು. ಸೋಂಕು ತಗುಲಿದವರಲ್ಲಿ ಸಾಯುವ ಸಂಭವ ಪ್ರತಿ ಐದಾರು ವರ್ಷ ಹೆಚ್ಚಿನ ವಯಸ್ಸಿಗೆ ಇಮ್ಮಡಿಯಾಗುತ್ತಿದ್ದುದು ಮೊದಲ ಅಲೆಯಲ್ಲೇ ಹಲವು ದೇಶಗಳ ಅಂಕಿಗಳಲ್ಲಿ ಕಂಡಿತು. ವೈರಸ್ಸಿಗೆ ನಮ್ಮ ಜನ್ಮದಿನ ಗೊತ್ತಿರಲಿಲ್ಲ. ಹೊಡೆತ ಒಂದೇ, ತಡೆದುಕೊಳ್ಳುವ ಶಕ್ತಿ ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು.

ಗಾಂಪರ್ಟ್ಜ್ ಊಹಿಸಿದ್ದೂ ಇದನ್ನೇ. ಸಾವಿಗೆ ಎರಡು ಕಾರಣ ಇರಬಹುದು ಎಂದು ಆತ ಬರೆದ. ಒಂದು, ವಯಸ್ಸು ನೋಡದೆ ಬರುವ ಆಕಸ್ಮಿಕ. ಇನ್ನೊಂದು, ನಾಶವನ್ನು ಎದುರಿಸುವ ದೇಹದ ಶಕ್ತಿ ಕುಂದುತ್ತಾ ಹೋಗುವುದು. ಆ ಶಕ್ತಿ ಸಮನಾದ ಅವಧಿಯಲ್ಲಿ ತನ್ನ ಉಳಿಕೆಯ ಸಮನಾದ ಪಾಲನ್ನು ಕಳೆದುಕೊಳ್ಳುತ್ತದೆ ಎಂದು ಹಿಡಿದರೆ, ಸೂತ್ರ ತಾನಾಗಿ ಹೊರಬರುತ್ತದೆ.

ದೇಹದೊಳಗೆ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಪ್ಪುವಂಥ ವಿವರಣೆಗಳಲ್ಲಿ ಒಂದು ಲಿಯೊನಿಡ್ ಗವ್ರಿಲೋವ್ ಮತ್ತು ನತಾಲಿಯಾ ಗವ್ರಿಲೋವಾ ದಂಪತಿಯದು. ನಮ್ಮ ಅಂಗಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಬಿಡಿಭಾಗಗಳು ಇರುತ್ತವೆ. ಮೂತ್ರಪಿಂಡವನ್ನೇ ನೋಡಿ. ಒಂದೊಂದರಲ್ಲೂ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್ ಎಂಬ ಸೋಸುವ ಘಟಕಗಳಿವೆ. ಒಂದು ಮೂತ್ರಪಿಂಡವನ್ನೇ ದಾನ ಮಾಡಿದವರು ಆರೋಗ್ಯವಾಗಿ ಬಾಳುತ್ತಾರೆ ಎಂದರೆ ಆ ಮಿಗತೆ ಎಷ್ಟಿದೆ ಎಂದು ತಿಳಿಯುತ್ತದೆ. ನೆಫ್ರಾನ್‌ಗಳು ಹೊಸದಾಗಿ ಹುಟ್ಟುವುದಿಲ್ಲ. ವಯಸ್ಸಾದಂತೆ ಒಂದೊಂದಾಗಿ ಸಾಯುತ್ತವೆ. ದಶಕಗಳ ಕಾಲ ರಕ್ತಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ, ಏಕೆಂದರೆ ಉಳಿದವು ಕೆಲಸ ತೂಗಿಸುತ್ತವೆ. ಆದರೆ ಒಂದು ಜ್ವರ, ಒಂದು ವಾಂತಿಭೇದಿ ಬಂದಾಗ 30ರ ದೇಹಕ್ಕಿದ್ದ ಹಿಂಬಲ 75ರ ದೇಹಕ್ಕೆ ಇರುವುದಿಲ್ಲ. ಇಂಥ ಮಿಗತೆ ಎಲ್ಲ ಅಂಗಗಳಲ್ಲೂ ಏಕಕಾಲಕ್ಕೆ ಕರಗುತ್ತಿರುತ್ತದೆ. ಒಂದು ಅಂಗ ಸೋತರೆ ಇನ್ನೊಂದರ ಮೇಲೆ ಹೊರೆ ಬೀಳುತ್ತದೆ, ಅದು ಇನ್ನೂ ಬೇಗ ಸವೆಯುತ್ತದೆ. ಅಪಾಯ ಕೂಡುತ್ತಾ ಹೋಗದೆ ಗುಣಿಸುತ್ತಾ ಹೋಗುವುದು ಹೀಗೆ.

ಪ್ರಕೃತಿ ಇದನ್ನು ಸರಿಪಡಿಸಿಕೊಳ್ಳಲಿಲ್ಲವೇಕೆ? 1952ರಲ್ಲಿ ಪೀಟರ್ ಮೆಡವಾರ್ ಕೊಟ್ಟ ಉತ್ತರ ಇಂದಿಗೂ ನಿಂತಿದೆ. ಎಳವೆಯಲ್ಲಿ ಕೆಡುಕು ಮಾಡುವ ಜೀನ್ ಮಕ್ಕಳಾಗುವ ಮೊದಲೇ ಒಡೆಯನನ್ನು ಕೊಂದು, ತಾನೂ ಅಳಿಯುತ್ತದೆ. 70ರಲ್ಲಿ ಕೆಡುಕು ಮಾಡುವ ಜೀನ್ ಅಷ್ಟರಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ಹಂಚಿಹೋಗಿರುತ್ತದೆ. ಅದನ್ನು ಜರಡಿ ಹಿಡಿಯಲು ವಿಕಾಸಕ್ಕೆ ಅವಕಾಶವೇ ಸಿಗುವುದಿಲ್ಲ.

ನಿಯಮಕ್ಕೆ ಗಡಿಗಳೂ ಇವೆ. ಹುಟ್ಟಿದ ಕೂಸಿನ ಅಪಾಯ ಹೆಚ್ಚು, ಹತ್ತರ ಆಸುಪಾಸಿನಲ್ಲಿ ಬದುಕಿನ ಅತಿ ಕಡಿಮೆ ಅಪಾಯ, ಹದಿಹರೆಯ ಮುಗಿಯುವಾಗ ಬೈಕು, ಜಗಳ, ಆತ್ಮಹತ್ಯೆಗಳಿಂದ ಒಂದು ಉಬ್ಬು. ಗಾಂಪರ್ಟ್ಜ್ ನಿಯಮದ ಆಳ್ವಿಕೆ 30–35ರ ಮೇಲೆಯೇ. ಆರಂಭದಲ್ಲಿ ಹೇಳಿದ ವಿಮಾ ಕೋಷ್ಟಕದಲ್ಲಿ 30ರಿಂದ 40ಕ್ಕೆ ಏರಿಕೆ ಎರಡು ಪಟ್ಟೂ ಇಲ್ಲದ್ದಕ್ಕೆ ಕಾರಣ ಇದೇ. ಆ ವಯಸ್ಸಿನ ಸಾವುಗಳಲ್ಲಿ ವಯಸ್ಸು ನೋಡದ ಆಕಸ್ಮಿಕಗಳ ಪಾಲು ದೊಡ್ಡದು. 1860ರಲ್ಲಿ ವಿಲಿಯಂ ಮೇಕಮ್ ಎಂಬ ಇನ್ನೊಬ್ಬ ಆಕ್ಚುಯರಿ ಅದಕ್ಕೆಂದೇ ಸೂತ್ರಕ್ಕೆ ಒಂದು ಸ್ಥಿರಸಂಖ್ಯೆ ಕೂಡಿಸಿದ. ಕಂಪನಿಗಳು ಇಂದಿಗೂ ಇಬ್ಬರ ಹೆಸರನ್ನೂ ಸೇರಿಸಿಯೇ ಹೇಳುತ್ತವೆ.

ಇನ್ನೊಂದು ತುದಿಯಲ್ಲಿ, ನೂರು ದಾಟಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ತಜ್ಞರ ಜಗಳ ಮುಗಿದಿಲ್ಲ. ಇಟಲಿಯಲ್ಲಿ 105 ದಾಟಿದವರನ್ನು ಅಧ್ಯಯನ ಮಾಡಿದ ತಂಡವೊಂದು, ಅಪಾಯ ವರ್ಷಕ್ಕೆ ಅರ್ಧಕ್ಕರ್ಧದ ಮಟ್ಟದಲ್ಲಿ ಸಮತಟ್ಟಾಗುತ್ತದೆ ಎಂದು 2018ರಲ್ಲಿ ಹೇಳಿತು. ವಯಸ್ಸಿನ ದಾಖಲೆಗಳ ತಪ್ಪೇ ಹಾಗೆ ತೋರಿಸುತ್ತಿದೆ ಎನ್ನುವವರೂ ಇದ್ದಾರೆ. ಈ ಆಕ್ಷೇಪವನ್ನು ನಮ್ಮಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಎಂಬ ಜನ್ಮದಿನ ಹೊತ್ತವರು ಪ್ರತಿ ಮನೆಯಲ್ಲೂ ಇದ್ದಾರೆ. ‘ಅಜ್ಜಿಗೆ ಎಷ್ಟಾಯ್ತು?’ ಎಂದರೆ ‘ತೊಂಬತ್ತು ಆಗಿರ್ಬೇಕು’ ಎನ್ನುತ್ತಾರೆ. ನಿಜವಾಗಿ 82ರವರು 90ರ ಸಾಲಿಗೆ ಸೇರಿಕೊಂಡರೆ, ಅವರು ಸಾಯುವುದು 82ರ ದರದಲ್ಲೇ. ಆಗ 90ರವರ ಅಪಾಯ ಇರುವುದಕ್ಕಿಂತ ಕಡಿಮೆ ಎಂದು ಕಾಣುತ್ತದೆ, ಗೆರೆ ಬಾಗುತ್ತದೆ. ಇದನ್ನು ಪತ್ತೆ ಹಚ್ಚುವ ಉಪಾಯ ಸರಳ: ವಯಸ್ಸಿನ ಕೊನೆಯ ಅಂಕಿ 0 ಅಥವಾ 5 ಆಗಿರುವವರನ್ನು ಎಣಿಸಬೇಕು. ಸಹಜವಾಗಿ ಅವರು ಒಟ್ಟು ಜನರ ಐದನೇ ಒಂದು ಭಾಗ ಇರಬೇಕು. ಅದಕ್ಕಿಂತ ತುಂಬ ಹೆಚ್ಚಿದ್ದರೆ ಅಲ್ಲಿ ವಯಸ್ಸನ್ನು ಅಂದಾಜಿನಲ್ಲಿ ಬರೆಸಲಾಗಿದೆ ಎಂದರ್ಥ. ಭಾರತದ ಜನಗಣತಿಗಳು ಈ ಪರೀಕ್ಷೆಯಲ್ಲಿ ಎಂದೂ ಚೆನ್ನಾಗಿ ಪಾಸಾಗಿಲ್ಲ.

ಕಳೆದ ಇನ್ನೂರು ವರ್ಷಗಳ ಆಯಸ್ಸಿನ ಗಳಿಕೆ ಬಹುಪಾಲು ಬಂದದ್ದು ಶಿಶುಮರಣ ತಪ್ಪಿದ್ದರಿಂದ ಮತ್ತು A ಇಳಿದದ್ದರಿಂದ. ಶುದ್ಧ ನೀರು, ಲಸಿಕೆ, ರಕ್ತದೊತ್ತಡದ ಮಾತ್ರೆ ಎಲ್ಲವೂ ಮಾಡಿದ್ದು ಅದನ್ನೇ. B ಅಷ್ಟು ಸುಲಭದ್ದಲ್ಲ. 2003ರಲ್ಲಿ ಲಂಡನ್ನಿನಲ್ಲಿ ಹಣ್ಣಿನ ನೊಣಗಳ ಮೇಲೆ ಒಂದು ಸೊಗಸಾದ ಪ್ರಯೋಗ ನಡೆಯಿತು. ಹೊಟ್ಟೆತುಂಬ ತಿನ್ನುತ್ತಿದ್ದ ನೊಣಗಳಿಗೆ ಮಧ್ಯವಯಸ್ಸಿನಲ್ಲಿ ಮಿತಾಹಾರ ಕೊಟ್ಟಾಗ, ಎರಡೇ ದಿನಗಳಲ್ಲಿ ಅವುಗಳ ಸಾವಿನ ದರ ಹುಟ್ಟಿನಿಂದ ಮಿತಾಹಾರದಲ್ಲಿದ್ದ ನೊಣಗಳ ದರಕ್ಕೆ ಇಳಿಯಿತು. ಅಂದರೆ ಮಿತಾಹಾರ ಮುಪ್ಪಿನ ವೇಗವನ್ನು ಮುಟ್ಟಿರಲಿಲ್ಲ, ಆ ಹೊತ್ತಿನ ಅಪಾಯವನ್ನಷ್ಟೇ ತಗ್ಗಿಸಿತ್ತು. ತಂಪಿನಲ್ಲಿ ಸಾಕಿದ ನೊಣಗಳ ಕತೆ ಬೇರೆ. ಅವುಗಳಲ್ಲಿ ಏರಿಕೆಯ ವೇಗವೇ ನಿಧಾನವಾಗಿತ್ತು.

ಮುಪ್ಪು ತಡೆಯುವ ಮಾತ್ರೆ, ಪುಡಿ, ಲೇಹ್ಯಗಳ ಜಾಹೀರಾತು ಈಗ ಫೋನು ತೆರೆದರೆ ಸಾಕು, ಎದುರಾಗುತ್ತದೆ. ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಇದು ಅಪಾಯದ ಮಟ್ಟ ಇಳಿಸುತ್ತದೆಯೋ, ಇಮ್ಮಡಿಯ ಅವಧಿಯನ್ನು ಉದ್ದ ಮಾಡುತ್ತದೆಯೋ? ಮೊದಲನೆಯದಾದರೆ, ಸಿಗರೇಟು ಬಿಡುವುದಕ್ಕಿಂತ ಹೆಚ್ಚಿನ ಲಾಭ ಕೊಟ್ಟ ಪುರಾವೆ ತೋರಿಸಲಿ. ಎರಡನೆಯದಾದರೆ, ಮನುಷ್ಯರಲ್ಲಿ ಹಾಗೆ ಮಾಡುತ್ತದೆಂದು ಸಾಬೀತಾದ ಔಷಧಿ ಇದುವರೆಗೆ ಒಂದೂ ಇಲ್ಲ.